ತಪ್ಪು ಸೊನ್ನೆ, ಉತ್ತರ ಮಾತ್ರ 20 ಸೆಂ.ಮೀ. ಆಚೆ

ಕ್ಯಾಮೆರಾ ಕಂಡಿದ್ದನ್ನು ರೋಬೋಟ್ ಕೈಗೆ ಅರ್ಥ ಮಾಡಿಸುವುದು ನನ್ನ ಕೆಲಸ. ಕ್ಯಾಮೆರಾಗೆ ಅದರದೇ x, y, z ಇರುತ್ತದೆ, ಕೈಗೆ ಅದರದೇ. ಒಂದೇ ಗುರುತನ್ನು ಇಬ್ಬರೂ ಅಳೆದರೆ ಬೇರೆ ಬೇರೆ ಅಂಕಿ ಬರುತ್ತದೆ. ಹಾಗಾಗಿ ಕೆಲವು ಗುರುತುಗಳನ್ನು ಇಬ್ಬರಿಂದಲೂ ಅಳೆಸಿ, ಒಂದು ಗುಂಪನ್ನು ಎಷ್ಟು ತಿರುಗಿಸಿ ಎಷ್ಟು ಸರಿಸಿದರೆ ಇನ್ನೊಂದರ ಮೇಲೆ ಸರಿಯಾಗಿ ಕೂರುತ್ತದೆ ಅಂತ ಕಂಡುಹಿಡಿಯಬೇಕು. ಇದಕ್ಕೆ ಎಸ್‌ವಿಡಿ, ಅಂದರೆ ಒಂದು ಮ್ಯಾಟ್ರಿಕ್ಸನ್ನು ಮೂರು ಸರಳ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುವ ಲೆಕ್ಕ, ಬಳಸುವ ವಿಧಾನ ಹತ್ತು ಸಾಲಿನ ಕೋಡು. ನಾನೂ ಒಮ್ಮೆ ಹತ್ತು ಸಾಲು ಬರೆದೆ. ಚಪ್ಪಟೆ ಪ್ಲೇಟಿನ ಮೇಲೆ ನಾಲ್ಕು ಗುರುತು ಇಟ್ಟು ಜೋಡಿಸಿದೆ, ಉಳಿದ ತಪ್ಪು ಎಷ್ಟು ಅಂತ ಪ್ರಿಂಟ್ ಮಾಡಿದರೆ ಹೆಚ್ಚುಕಡಿಮೆ ಸೊನ್ನೆ. ಖುಷಿಯಿಂದ ಪ್ಲೇಟಿನ ಮೇಲೆ 10 ಸೆಂ.ಮೀ. ಎತ್ತರಕ್ಕೆ ಹೋಗು ಅಂದರೆ, ಕೈ ಮೇಜಿನೊಳಕ್ಕೆ ಇಳಿಯಲು ಹೊರಟಿತು. ಸ್ಟಾಪ್ ಬಟನ್ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ, ಬಚಾವಾದೆ.

ಏನಾಗಿತ್ತು ಅಂತ ನೋಡೋಣ. ಪೆನ್ನು ಕಾಗದದಲ್ಲೇ ಮಾಡಬಹುದಾದಷ್ಟು ಸಣ್ಣ ಲೆಕ್ಕ ಇದು.

ಮೊದಲ ಗುಂಪು P, ಅಳತೆ ಸೆಂ.ಮೀ.ನಲ್ಲಿ: (0,0,0), (4,0,0), (4,2,0), (0,2,0). ಒಂದು ಆಯತದ ನಾಲ್ಕು ಮೂಲೆ, ಅಷ್ಟೇ. ಎರಡನೇ ಗುಂಪು Q, ಅದೇ ಕ್ರಮದಲ್ಲಿ: (10,5,3), (10,9,3), (8,9,3), (8,5,3). ಇದನ್ನು ನಾನೇ ತಯಾರಿಸಿದ್ದು. P ಅನ್ನು z ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿ, ಆಮೇಲೆ (10,5,3) ಸರಿಸಿದ್ದೇನೆ. ಅಂದರೆ ಸರಿಯುತ್ತರ ಮೊದಲೇ ಗೊತ್ತು.

ತಿರುಗಿಸುವುದು, ಸರಿಸುವುದು ಎರಡನ್ನೂ ಒಟ್ಟಿಗೆ ಹುಡುಕುವುದು ಬೇಡ. ಚದರ ತಪ್ಪುಗಳ ಮೊತ್ತ ಕನಿಷ್ಠ ಆಗಬೇಕಾದರೆ, ತಿರುಗಿಸಿದ ಮೇಲೆ ಒಂದು ಗುಂಪಿನ ನಡುಬಿಂದು ಇನ್ನೊಂದರ ನಡುಬಿಂದುವಿನ ಮೇಲೇ ಬಂದು ಕೂರಬೇಕು, ತಿರುಗಿಸಿದ್ದು ಎಷ್ಟೇ ಆಗಿರಲಿ. ಹಾಗಾಗಿ ಎರಡೂ ಗುಂಪಿನಿಂದ ಅವುಗಳ ಸರಾಸರಿಯನ್ನು ಕಳೆದುಬಿಟ್ಟರೆ ಸರಿಸುವ ತಲೆನೋವು ಸದ್ಯಕ್ಕೆ ಹೋಯಿತು. ಇಲ್ಲಿ P ಯ ನಡುಬಿಂದು (2,1,0), Q ನದ್ದು (9,7,3). ಕಳೆದರೆ P ಯ ಮೊದಲ ಮೂಲೆ (-2,-1,0), ಅದರ ಜೋಡಿ (1,-2,0). ಉಳಿದ ಮೂರೂ ಹೀಗೇ.

ಈಗ ಪ್ರತಿ ಜೋಡಿಯಲ್ಲೂ P ಯ ಬಿಂದುವನ್ನು ಕಂಬಸಾಲಾಗಿ, Q ನ ಬಿಂದುವನ್ನು ಅಡ್ಡಸಾಲಾಗಿ ಇಟ್ಟು ಗುಣಿಸಿ, ಬಂದ 3×3 ಮ್ಯಾಟ್ರಿಕ್ಸ್‌ಗಳನ್ನೆಲ್ಲ ಕೂಡಿಸಿ. ನಾಲ್ಕು ಜೋಡಿ ಕೂಡಿಸಿದರೆ ಬರುವುದು ಇದು:

```
H = [  0  16   0 ]
    [ -4   0   0 ]
    [  0   0   0 ]
```

ಹುಡುಕುತ್ತಿರುವ ತಿರುಗು ಮ್ಯಾಟ್ರಿಕ್ಸ್ R ಆದರೆ, ತಪ್ಪು ಕಡಿಮೆ ಮಾಡುವುದೂ ಒಂದೇ, RH ನ ಕರ್ಣದ ಮೊತ್ತವನ್ನು ಜಾಸ್ತಿ ಮಾಡುವುದೂ ಒಂದೇ. H ಅನ್ನು ಎಸ್‌ವಿಡಿಗೆ ಕೊಟ್ಟರೆ ಅದು U S Vᵀ ಅಂತ ಒಡೆಯುತ್ತದೆ. U, V ಎರಡೂ ಉದ್ದ ಬದಲಿಸದ ಮ್ಯಾಟ್ರಿಕ್ಸ್‌ಗಳು, S ನಲ್ಲಿ ಕರ್ಣ ಬಿಟ್ಟು ಉಳಿದದ್ದೆಲ್ಲ ಸೊನ್ನೆ, ಆ ಕರ್ಣದ ಅಂಕಿಗಳೇ ಸಿಂಗ್ಯುಲರ್ ವ್ಯಾಲ್ಯೂಗಳು. ಆಗ ಆ ಮೊತ್ತ VᵀRU ಮತ್ತು S ಗುಣಲಬ್ಧದ ಕರ್ಣದ ಮೊತ್ತ ಆಗುತ್ತದೆ. VᵀRU ಕೂಡ ಉದ್ದ ಬದಲಿಸದ ಮ್ಯಾಟ್ರಿಕ್ಸೇ. ಅದರ ಕರ್ಣದಲ್ಲಿ 1 ಕ್ಕಿಂತ ದೊಡ್ಡ ಅಂಕಿ ಬರುವ ಹಾಗಿಲ್ಲ. ಮೂರೂ 1 ಆದಾಗ ಗರಿಷ್ಠ, ಅಂದರೆ R = VUᵀ. ಇಷ್ಟು ಚೆಂದದ ಪುರಾವೆ ಓದಿದ ಮೇಲೆ ಯಾರಿಗಾದರೂ ಕೆಲಸ ಮುಗೀತು ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ನಮ್ಮ H ಗೆ ಸಿಂಗ್ಯುಲರ್ ವ್ಯಾಲ್ಯೂಗಳು 16, 4, 0. ಆ ಮೂರನೆಯ ಸೊನ್ನೆಯಲ್ಲೇ ಎಡವಟ್ಟು ಇರುವುದು. R ನ x, y ಭಾಗ ಸರಿಯಾಗಿ 90 ಡಿಗ್ರಿ ಬರುತ್ತದೆ. z ಭಾಗಕ್ಕೆ ಮಾತ್ರ ಏನೂ ಆಧಾರವಿಲ್ಲ. ಮೂರನೇ ದಿಕ್ಕಿಗೆ +1 ಕೊಡಬೇಕೋ -1 ಕೊಡಬೇಕೋ ಅಂತ H ಹೇಳುವುದೇ ಇಲ್ಲ, ಎಸ್‌ವಿಡಿ ಒಳಗಿನ ಲೆಕ್ಕದಲ್ಲಿ ಯಾವುದು ಬಂತೋ ಅದು. +1 ಬಂದರೆ ನಿಜವಾದ ತಿರುಗು. -1 ಬಂದರೆ ಅದು ತಿರುಗು ಅಲ್ಲವೇ ಅಲ್ಲ, ಕನ್ನಡಿ ಬಿಂಬ. ಬಲಗೈ ಗವಸನ್ನು ಹೇಗೇ ತಿರುಗಿಸಿದರೂ ಎಡಗೈ ಗವಸು ಆಗುವುದಿಲ್ಲ, ಆದರೆ ಈ ಮ್ಯಾಟ್ರಿಕ್ಸ್ ಅದನ್ನೇ ಮಾಡುತ್ತದೆ.

ಮಜಾ ಏನೆಂದರೆ, ಎರಡಕ್ಕೂ ಪ್ಲೇಟಿನ ನಾಲ್ಕು ಗುರುತುಗಳ ಮೇಲೆ ತಪ್ಪು ಸೊನ್ನೆ! ಅಲ್ಲಿ z ಎಲ್ಲ ಸೊನ್ನೆಯೇ, ಸೊನ್ನೆಯನ್ನು ಕನ್ನಡಿಯಲ್ಲಿ ನೋಡಿದರೂ ಸೊನ್ನೆ. ಸರಿಸುವಿಕೆ t ಕೂಡ ಎರಡಕ್ಕೂ (10,5,3) ಬರುತ್ತದೆ. ಈಗ ಪ್ಲೇಟಿನ ನಡುವಿನಿಂದ 10 ಸೆಂ.ಮೀ. ಮೇಲಿನ ಬಿಂದು (2,1,10) ತೆಗೆದುಕೊಳ್ಳಿ. ಸರಿಯಾದ R ಅದನ್ನು (9,7,13) ಕ್ಕೆ ಕಳಿಸುತ್ತದೆ. ಕನ್ನಡಿ R ಕಳಿಸುವುದು (9,7,-7) ಕ್ಕೆ. ಪೂರಾ 20 ಸೆಂ.ಮೀ. ವ್ಯತ್ಯಾಸ. ನನ್ನ ರೋಬೋಟ್ ಮೇಜಿನೊಳಕ್ಕೆ ಹೊರಟಿದ್ದು ಇದಕ್ಕೇ.

ಚಪ್ಪಟೆ ಪ್ಲೇಟು ಅಂದಮೇಲೆ ಹಾಗಾಗುತ್ತದೆ, ನಿಜವಾದ ಅಳತೆಯಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದಲ್ಲ, ಆಗ ಮೂರನೇ ವ್ಯಾಲ್ಯೂ ಸೊನ್ನೆ ಆಗುವುದಿಲ್ಲ, ಸರಿಹೋಗುತ್ತದೆ ಅಂತ ಯಾರೋ ಹೇಳಬಹುದು. ಅಲ್ಲೇ ಇನ್ನೂ ಕೆಟ್ಟದ್ದು ಕಾದಿರುವುದು. P ಯ ಅಳತೆಯಲ್ಲಿ ನಾಲ್ಕು ಮೂಲೆಗಳ z ಕ್ರಮವಾಗಿ +0.1, -0.1, +0.1, -0.1 ತಪ್ಪಿತು ಅನ್ನಿ. Q ನಲ್ಲಿ ಅದಕ್ಕೆ ತದ್ವಿರುದ್ಧವಾಗಿ -0.1, +0.1, -0.1, +0.1 ತಪ್ಪಿತು ಅನ್ನಿ. ಬರೀ ಒಂದು ಮಿಲಿಮೀಟರ್ ಏರುಪೇರು. H ನ ಕೊನೆಯ ಮೂಲೆಯಲ್ಲಿ ಈಗ -0.04 ಬಂದು ಕೂರುತ್ತದೆ, ಉಳಿದದ್ದೆಲ್ಲ ಹಾಗೇ. ಈಗ VUᵀ ಖಂಡಿತವಾಗಿ ಕನ್ನಡಿಯನ್ನೇ ಕೊಡುತ್ತದೆ, ಅದೃಷ್ಟದ ಮಾತೇ ಇಲ್ಲ. ಜೊತೆಗೆ ಕನ್ನಡಿಯಲ್ಲಿ ಉಳಿದ ತಪ್ಪು ಸೊನ್ನೆ, ಸರಿಯಾದ ತಿರುಗಿನಲ್ಲಿ ಪ್ರತಿ ಗುರುತಿಗೂ 2 ಮಿ.ಮೀ. ತಪ್ಪು. ಅಂದರೆ ತಪ್ಪಿನ ಅಂಕಿಯನ್ನು ನಂಬಿ ಆರಿಸಿದರೆ ನೀವು ಆರಿಸುವುದು ಕನ್ನಡಿಯನ್ನೇ. ಅದು ಪ್ಲೇಟನ್ನು ಜೋಡಿಸುತ್ತಿಲ್ಲ, ಅಳತೆಯ ಏರುಪೇರನ್ನು ಜೋಡಿಸುತ್ತಿದೆ.

ಪರಿಹಾರ ಸಣ್ಣದು. VUᵀ ನ ಡಿಟರ್ಮಿನೆಂಟ್ ನೋಡಿ. ತಿರುಗಿಗೆ +1, ಕನ್ನಡಿಗೆ -1. -1 ಬಂದರೆ ಮೂರನೇ ದಿಕ್ಕಿನ ಪ್ಲಸ್-ಮೈನಸ್ ಚಿಹ್ನೆಯನ್ನು ತಿರುಚಿ:

```python
import numpy as np

def align(P, Q):
    cp, cq = P.mean(axis=0), Q.mean(axis=0)
    H = (P - cp).T @ (Q - cq)
    U, S, Vt = np.linalg.svd(H)
    d = np.sign(np.linalg.det(Vt.T @ U.T))
    R = Vt.T @ np.diag([1, 1, d]) @ U.T
    t = cq - R @ cp
    return R, t, S, d
```

ಮೂರನೆಯದನ್ನೇ ಯಾಕೆ ತಿರುಚಬೇಕು? ಯಾವ ದಿಕ್ಕನ್ನು ತಿರುಚುತ್ತೀರೋ ಆ ದಿಕ್ಕಿನ ಸಿಂಗ್ಯುಲರ್ ವ್ಯಾಲ್ಯೂ ಮೊತ್ತಕ್ಕೆ ಸೇರುವ ಬದಲು ಕಳೆದುಹೋಗುತ್ತದೆ. ಕಳೆದುಕೊಳ್ಳಲೇಬೇಕು ಅಂದರೆ ಎಲ್ಲಕ್ಕಿಂತ ಸಣ್ಣದನ್ನು ಕಳೆದುಕೊಳ್ಳುವುದು ಲಾಭ. `np.linalg.svd` ವ್ಯಾಲ್ಯೂಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ ಕೊಡುತ್ತದೆ, ಆದ್ದರಿಂದ ಕೊನೆಯದೇ ಸಣ್ಣದು. ಕೈಯಲ್ಲೇ ಬರೆದ ಅಥವಾ ಯಾವುದೋ ಸಣ್ಣ ಲೈಬ್ರರಿಯ ಎಸ್‌ವಿಡಿ ಬಳಸುತ್ತಿದ್ದರೆ ಈ ಕ್ರಮ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಹಾಗೇ, ನಮ್‌ಪೈ ಕೊಡುವುದು V ಅಲ್ಲ, Vᵀ. ಅದನ್ನೇ V ಅಂತ ತಿಳಿದು ಬಳಸಿದರೂ ನೋಡಲು ಅಚ್ಚುಕಟ್ಟಾದ ತಿರುಗು ಮ್ಯಾಟ್ರಿಕ್ಸ್ ಬರುತ್ತದೆ, ಆದರೆ ಸಾಮಾನ್ಯವಾಗಿ ಉಳಿದ ತಪ್ಪು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಕನ್ನಡಿಯ ಥರ ಅಡಗಿ ಕೂರುವುದಿಲ್ಲ.

ಇದರಲ್ಲಿ ಎಡವಿದ್ದು ನಾನೊಬ್ಬನೇ ಅಲ್ಲ ಅನ್ನುವುದು ಸ್ವಲ್ಪ ಸಮಾಧಾನ. ಹರಳುಶಾಸ್ತ್ರದವರಿಗಾಗಿ ವೋಲ್ಫ್‌ಗ್ಯಾಂಗ್ ಕಾಬ್ಶ್ 1976ರಲ್ಲೇ ಈ ಸಮಸ್ಯೆಗೆ ಉತ್ತರ ಕೊಟ್ಟು, 1978ರಲ್ಲಿ ಅದರ ಬಗ್ಗೆ ಇನ್ನೊಂದು ಸಣ್ಣ ಲೇಖನ ಬರೆದರು. ಕಂಪ್ಯೂಟರ್ ವಿಷನ್‌ನವರು ಈ ಎಸ್‌ವಿಡಿ ದಾರಿಯನ್ನು ಹೆಚ್ಚಾಗಿ ಕಲಿತದ್ದು ಅರುಣ್, ಹುವಾಂಗ್, ಬ್ಲೋಸ್ಟೀನ್ ಮೂವರ 1987ರ ಲೇಖನದಿಂದ. ಏರುಪೇರು ಜಾಸ್ತಿಯಾದಾಗ ಆ ವಿಧಾನ ಕನ್ನಡಿ ಕೊಟ್ಟುಬಿಡಬಹುದು ಅಂತ ಹೇಳಿ, ಯಾವಾಗಲೂ ತಿರುಗೇ ಬರುವ ಹಾಗೆ ಸೂತ್ರ ತಿದ್ದಿ ಕೊಟ್ಟದ್ದು ಉಮೆಯಾಮ, 1991ರಲ್ಲಿ. ಮೇಲಿನ ಕೋಡಿನ `d` ಆ ತಿದ್ದುಪಡಿಯೇ.

ಆದರೆ `d` ಹಾಕಿದೆ, ಇನ್ನು ನಿಶ್ಚಿಂತೆ ಅಂದುಕೊಳ್ಳಬೇಡಿ. ನಾನು ಕೋಡಿನಲ್ಲಿ `S` ಮತ್ತು `d` ಎರಡನ್ನೂ ಸುಮ್ನೆ ವಾಪಸ್ ಕೊಡುತ್ತಿಲ್ಲ, ಪ್ರತಿ ಸಲ ಕಣ್ಣಲ್ಲಿ ನೋಡುತ್ತೇನೆ. `d` -1 ಆಗಿ, ಮೂರನೇ ವ್ಯಾಲ್ಯೂ ಉಳಿದೆರಡರ ಮುಂದೆ ತೀರಾ ಚಿಕ್ಕದಾಗಿದ್ದರೆ, ಅದು ಚಪ್ಪಟೆ ಗುರುತುಗಳ ಮಾಮೂಲಿ ಕಾಟ, ತಿದ್ದುಪಡಿ ಸಾಕು. ಮೂರನೆಯದು ದೊಡ್ಡದಾಗಿದ್ದೂ `d` -1 ಬಂದರೆ ಕತೆಯೇ ಬೇರೆ. ಆಗ ನಿಮ್ಮ ದತ್ತಾಂಶವೇ ಕನ್ನಡಿಯಾಗಿದೆ. ಒಂದು ಕಡೆ ಬಲಗೈ ಅಕ್ಷಗಳು, ಇನ್ನೊಂದು ಕಡೆ ಎಡಗೈ ಅಕ್ಷಗಳು ಇರಬಹುದು (ಯೂನಿಟಿ ಗೇಮ್ ಎಂಜಿನ್‌ನಿಂದ ಬಂದ ಅಂಕಿಗಳಲ್ಲಿ ಇದು ಸಾಮಾನ್ಯ, ಅದು ಎಡಗೈ ಕಡೆಯದ್ದು), ಇಲ್ಲವೇ ಯಾವ ಗುರುತಿಗೆ ಯಾವ ಗುರುತು ಜೋಡಿ ಅನ್ನುವುದೇ ಅದಲುಬದಲಾಗಿರಬಹುದು. ಅಂಥ ಕಡೆ ತಿದ್ದುಪಡಿ ನಿಮಗೆ ತಿರುಗು ಮ್ಯಾಟ್ರಿಕ್ಸ್ ಕೊಡುವುದೇನೋ ಕೊಡುತ್ತದೆ, ಆದರೆ ಅದು ಯಾವುದಕ್ಕೂ ಸರಿಯಾಗಿ ಕೂರದ ತಿರುಗು. ಕೋಡು ಬಿಟ್ಟು ಅಳತೆಗಳ ಹತ್ತಿರ ವಾಪಸ್ ಹೋಗಬೇಕು.

ಎರಡನೇ ವ್ಯಾಲ್ಯೂ ಕೂಡ ಸೊನ್ನೆಯ ಹತ್ತಿರ ಇದ್ದರೆ ಗುರುತುಗಳೆಲ್ಲ ಒಂದೇ ಗೆರೆಯ ಮೇಲಿವೆ ಅಂತ ಅರ್ಥ. ಗೆರೆಯ ಸುತ್ತ ಎಷ್ಟು ತಿರುಗಿಸಿದರೂ ಗೆರೆ ಹಾಗೇ ಕಾಣುತ್ತದೆ, ಅಲ್ಲಿ ಡಿಟರ್ಮಿನೆಂಟ್ ನೋಡಿ ಏನೂ ಪ್ರಯೋಜನವಿಲ್ಲ. ಇನ್ನೊಂದು ಗುರುತು ಬೇಕು, ಅಷ್ಟೇ.

ಚಪ್ಪಟೆ ಪ್ಲೇಟಿಗೂ ನಾನು ಕೊನೆಗೆ ಮಾಡಿದ್ದು ಅದೇ. ಕೋಡು ತಿದ್ದಿದ್ದು ಒಂದು, ಪ್ಲೇಟಿನ ನಡುವೆ 10 ಸೆಂ.ಮೀ. ಎತ್ತರದ ಕಡ್ಡಿ ನಿಲ್ಲಿಸಿ ಅದರ ತುದಿಗೆ ಐದನೇ ಗುರುತು ಅಂಟಿಸಿದ್ದು ಇನ್ನೊಂದು. ಅದೇ ಲೆಕ್ಕದಲ್ಲಿ (2,1,10) ಅನ್ನೂ ಅದರ ಜೋಡಿಯನ್ನೂ ಸೇರಿಸಿ ನೋಡಿ. ನಡುಬಿಂದು 2 ಸೆಂ.ಮೀ. ಮೇಲೇರುತ್ತದೆ, ನಾಲ್ಕು ಮೂಲೆಗಳ z -2 ಆಗುತ್ತದೆ, ಕಡ್ಡಿಯ ತುದಿಯದು 8. ಚದರಗಳನ್ನು ಕೂಡಿಸಿದರೆ 80. ಸಿಂಗ್ಯುಲರ್ ವ್ಯಾಲ್ಯೂಗಳು 16, 4, 0 ಇದ್ದದ್ದು ಈಗ 80, 16, 4. ಆ ಒಂದು ಮಿಲಿಮೀಟರಿನ ಏರುಪೇರು H ಗೆ ತರುವುದು 0.04. ಮೊದಲು ಅದು ಸೊನ್ನೆಯ ಜೊತೆ ಜಗಳಕ್ಕೆ ನಿಂತು ಗೆಲ್ಲುತ್ತಿತ್ತು, ಈಗ 80ರ ಎದುರು ನಿಲ್ಲಬೇಕು.