ಬೈತಲೆಯ ಅಗಲ ಮತ್ತು ಹನ್ನೆರಡು ಫೋಟೊಗಳು

ನೆತ್ತಿಯಲ್ಲಿ ತೆಳುವಾದ ಕೂದಲು ಮತ್ತೆ ಬೆಳೆಯಲಿ ಅಂತ ಮಿನಾಕ್ಸಿಡಿಲ್ ಅನ್ನೋ ಔಷಧವನ್ನು ತಲೆಗೆ ಹಚ್ಚೋಕೆ ಶುರು ಮಾಡಿದ ಐದನೇ ವಾರ ಅಕ್ಕ ಫೋನ್ ಮಾಡಿದಳು. "ಇದನ್ನ ಬಿಟ್ಟುಬಿಡ್ತೀನಿ ಕಣೇ. ಮೊದಲಿಗಿಂತ ಜಾಸ್ತಿ ಉದುರ್ತಿದೆ" ಅಂದಳು. ದನಿಯಲ್ಲಿ ಅಳು ಇತ್ತು.

ಹಾಗೆ ಉದುರೋದಕ್ಕೆ ಕಾರಣ ಇದೆ. ತಲೆಯ ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಸುಮಾರು ಮೂರು ತಿಂಗಳು ಸುಮ್ನೆ ಬುಡದಲ್ಲಿ ಕೂತಿದ್ದು ಕೊನೆಗೆ ಬಿದ್ದುಹೋಗುತ್ತದೆ. ಈ ಔಷಧ ಹಾಗೆ ಕೂತಿದ್ದ ಬುಡಗಳನ್ನು ಬೇಗ ಎಬ್ಬಿಸುತ್ತದೆ. ಹೊಸ ಕೂದಲು ಹೊರಡಬೇಕಾದರೆ ಹಳೆಯದು ಜಾಗ ಬಿಡಬೇಕಲ್ವಾ? ಅದಕ್ಕೇ ಮೊದಲ ಕೆಲವು ವಾರ ಬಾಚಣಿಗೆ ತುಂಬ ಕೂದಲು ಬರಬಹುದು. ಸಾಮಾನ್ಯವಾಗಿ ಎರಡು ತಿಂಗಳ ಹೊತ್ತಿಗೆ ಅದು ಕಡಿಮೆಯಾಗುತ್ತದೆ. ಇನ್ನು ಹೊಸ ಕೂದಲು ತಿಂಗಳಿಗೆ ಬೆಳೆಯೋದು ಸುಮಾರು ಒಂದು ಸೆಂಟಿಮೀಟರ್ ಅಷ್ಟೆ. ಅದು ಬೈತಲೆಯನ್ನು ಮುಚ್ಚುವಷ್ಟಾಗಲು ನಾಲ್ಕು, ಆರು ತಿಂಗಳು ಬೇಕು. ಅಷ್ಟು ನಿಧಾನದ ಬದಲಾವಣೆ ದಿನಾ ನೋಡುವ ಕನ್ನಡಿಯಲ್ಲಿ ಕಾಣೋದೇ ಇಲ್ಲ.

ಒಳ್ಳೆಯದಾಯಿತು, ಮೊದಲ ದಿನವೇ ಫೋಟೊ ತೆಗೆಸಿಟ್ಟಿದ್ದೆ. ಔಷಧ ಹಚ್ಚುವ ಮುಂಚಿನ ಆ ಫೋಟೊ ಇಲ್ಲದಿದ್ದರೆ ಆಮೇಲಿನ ಯಾವ ಫೋಟೊಗೂ ಅರ್ಥ ಇರುವುದಿಲ್ಲ.

ನಾವು ಪಾಲಿಸಿದ್ದು ಇಷ್ಟು. ತಿಂಗಳಿಗೊಂದು ದಿನ, ರಾತ್ರಿ, ಅದೇ ಕೋಣೆಯ ಅದೇ ಟ್ಯೂಬ್‌ಲೈಟಿನ ಕೆಳಗೆ ಅದೇ ಕುರ್ಚಿ. ಹಿಂದಿನ ದಿನ ತಲೆಗೆ ಸ್ನಾನ, ಎಣ್ಣೆ ಇಲ್ಲ, ಕೂದಲು ಪೂರ್ತಿ ಒಣಗಿರಬೇಕು. ಫ್ಲ್ಯಾಶ್ ಬೇಡ, ಅದು ತಲೆಯ ಚರ್ಮವನ್ನು ಹೊಳೆಯಿಸಿ ಬೈತಲೆಯನ್ನು ಅಗಲ ಮಾಡಿ ತೋರಿಸುತ್ತದೆ. ಮೂಗಿನ ನೇರಕ್ಕೆ ನಡುನೆತ್ತಿಯವರೆಗೆ ಬೈತಲೆ ತೆಗೆದು, ಮುಂದಲೆಯಿಂದ ನಾಲ್ಕು ಬೆರಳು ಹಿಂದೆ, ಪಕ್ಕದಲ್ಲೇ ಸಣ್ಣ ಸ್ಕೇಲ್ ಇಟ್ಟು ಭಾವನಿಂದ ಮೇಲಿನಿಂದ ಒಂದು ಫೋಟೊ. ಆಮೇಲೆ ಹಿಂದಲೆಯಲ್ಲೂ ಒಂದು ಬೈತಲೆ ತೆಗೆದು ಇನ್ನೊಂದು.

ಹಿಂದಲೆಯದು ಯಾಕೆ? ಹೆಂಗಸರಲ್ಲಿ ವಂಶದಿಂದ ಬರುವ ಕೂದಲು ತೆಳುವಾಗುವಿಕೆ ಸಾಮಾನ್ಯವಾಗಿ ನೆತ್ತಿಯನ್ನು ಹಿಡಿಯುತ್ತದೆ, ಹಿಂದಲೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ಹೋಲಿಸಿ ನೋಡೋಕೆ ಅವಳ ತಲೆಯಲ್ಲೇ ಒಂದು ಅಳತೆ ಸಿಕ್ಕಿತು. ನೆತ್ತಿಯ ಜೊತೆ ಹಿಂದಲೆಯೂ ತೆಳುವಾಗುತ್ತಾ ಬಂದರೆ ಕಾರಣ ಬೇರೆ ಇರಬಹುದು. ಜೋರು ಜ್ವರ ಅಥವಾ ಹೆರಿಗೆ ಆಗಿ ಎರಡು ಮೂರು ತಿಂಗಳಿಗೆ ತಲೆ ತುಂಬ ಕೂದಲು ಉದುರುವುದುಂಟು.

ಮೊದಲ ದಿನ ಒಂದು ಕೆಲಸ ಹೆಚ್ಚಿಗೆ ಮಾಡಿದ್ದೆವು. ಬೈತಲೆ ಕೆಡಿಸಿ ಮತ್ತೆ ತೆಗೆದು, ಹೀಗೆ ಮೂರು ಸಲ ಅಳೆದೆವು. ನಾಲ್ಕೂವರೆ, ಐದು, ಐದೂವರೆ ಮಿಲಿಮೀಟರ್ ಬಂತು. ಅಂದರೆ ಬಾಚಣಿಗೆಯ ಕೈಯಿಂದಲೇ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತದೆ. ಆ ಅಂತರದ ಒಳಗಿನ ಯಾವ ಬದಲಾವಣೆಗೂ ಹಿಗ್ಗಬಾರದು, ಕುಗ್ಗಲೂಬಾರದು. ಹಿಂದಲೆಯಲ್ಲಿ ಎರಡು ಮಿಲಿಮೀಟರ್ ಇತ್ತು.

ಮೂರನೇ ತಿಂಗಳ ಫೋಟೊ ನೋಡಿ ನನಗೇ ಭಯವಾಯಿತು. ಬೈತಲೆ ಏಳು ಮಿಲಿಮೀಟರ್! ಆದರೆ ಹಿಂದಲೆಯದೂ ಅಗಲವಾಗಿತ್ತು. ಕೇಳಿದರೆ, ಸ್ನಾನ ಮಾಡಿ ಬಂದ ತಕ್ಷಣ ತೆಗೆಸಿದ್ದಳಂತೆ. ಒದ್ದೆ ಕೂದಲು ಒಂದಕ್ಕೊಂದು ಅಂಟಿ ಎಳೆ ಎಳೆಯಾಗಿ ನಿಲ್ಲುತ್ತದೆ, ನಡುವೆ ಚರ್ಮ ಕಾಣುತ್ತದೆ. ಮರುದಿನ ರಾತ್ರಿ ಒಣ ಕೂದಲಲ್ಲಿ ತೆಗೆದಾಗ ಮತ್ತೆ ಐದೇ.

ಆರನೇ ತಿಂಗಳು ಮೂರು ಸಲ ಅಳೆದಾಗ ನಾಲ್ಕು, ನಾಲ್ಕು, ನಾಲ್ಕೂಕಾಲು. ಮೊದಲ ದಿನದ ಅತಿ ಕಡಿಮೆ ಅಳತೆಗಿಂತಲೂ ಕೆಳಗೆ. ಐದನೇ ತಿಂಗಳ ಪಕ್ಕ ಇಟ್ಟರೆ ಏನೂ ಬದಲಾವಣೆ ಕಾಣುತ್ತಿರಲಿಲ್ಲ, ಮೊದಲ ಫೋಟೊ ಪಕ್ಕ ಇಟ್ಟಾಗಲೇ ಕಂಡಿದ್ದು. ಬೈತಲೆಯ ಅಂಚಿನಲ್ಲಿ ಗಿಡ್ಡ ಕೂದಲುಗಳೂ ಎದ್ದಿದ್ದವು. ಹಿಂದೆ ಬಿಳಿ ಕಾಗದ ಹಿಡಿದು ನೋಡಿದೆ. ತುದಿ ಚೂಪಾಗಿ ಸಣ್ಣಗಾಗಿತ್ತು, ಅಂದರೆ ಹೊಸದಾಗಿ ಬಂದವು. ತುಂಡಾದ ಕೂದಲಾಗಿದ್ದರೆ ತುದಿ ಮೊಂಡಾಗಿರುತ್ತಿತ್ತು.

ಹನ್ನೆರಡನೇ ತಿಂಗಳು ಮೂರೂವರೆ. ಐದರಲ್ಲೇ ನಿಂತಿದ್ದರೂ ನಾನು ಸೋಲು ಅನ್ನುತ್ತಿರಲಿಲ್ಲ. ಈ ತೊಂದರೆಯಲ್ಲಿ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ, ನಿಂತರೆ ಅದೂ ಲಾಭವೇ. ದಿನಾ ತಪ್ಪದೆ ಹಚ್ಚಿಯೂ ವರ್ಷದಲ್ಲಿ ಆರು ದಾಟಿದ್ದರೆ ಫೋಟೊಗಳನ್ನು ಹಿಡಿದು ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ನಾಣ್ಯದಂತೆ ಬೋಳು ಮಚ್ಚೆ, ಉರಿ, ಕೆಂಪು, ಕೂದಲ ರಂಧ್ರಗಳೇ ಕಾಣದ ನುಣುಪು ಚರ್ಮ ಇದ್ದರಂತೂ ತಿಂಗಳ ಫೋಟೊಗೆ ಕಾಯುತ್ತಾ ಕೂರಬಾರದು.

ಅಕ್ಕ ಈಗಲೂ ಔಷಧ ಹಚ್ಚುತ್ತಾಳೆ. ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದ ಕೂದಲು ಹೋಗುತ್ತದೆ ಅಂತ ಅವಳಿಗೆ ಗೊತ್ತು. ಫೋಟೊ ಮಾತ್ರ ಈಗ ಮೂರು ತಿಂಗಳಿಗೊಮ್ಮೆ, ಅದೇ ಕುರ್ಚಿಯಲ್ಲಿ.