ಚೀಟಿಯ ಫೋಟೋ ಹಾಕುವಾಗ ಹೆಸರು ಮುಚ್ಚಿದರೆ ಸಾಕಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಾವನವರಿಗೆ ಪಾರ್ಕಿನ್ಸನ್ಸ್ ಇದೆ. ಅವರ ಮಾತ್ರೆ ಈ ವಾರ ಹತ್ತಿರದ ಮೆಡಿಕಲ್‌ಗಳಲ್ಲಿ ಎಲ್ಲೂ ಸಿಗಲಿಲ್ಲ. ಠಾಣೆ, ಮಾಟುಂಗಾ ಕಡೆ ಸಿಗುತ್ತಾ ಅಂತ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪ್‌ನಲ್ಲಿ ಕೇಳಬೇಕು. ಡಾಕ್ಟರ್ ಚೀಟಿಯ ಫೋಟೋದಲ್ಲಿ ಹೆಸರಿನ ಮೇಲೆ ಕಪ್ಪು ಗೆರೆ ಎಳೆದರೆ ಸಾಕಾ?

ಸಾಕಾಗಲ್ಲ. ಅದಕ್ಕಿಂತ ಮೊದಲು ಇನ್ನೊಂದು ಮಾತು: ಮಾತ್ರೆ ಎಲ್ಲಿ ಸಿಗುತ್ತೆ ಅಂತ ಕೇಳೋಕೆ ಚೀಟಿಯೇ ಬೇಡ. ಖಾಲಿಯಾಗುತ್ತಿರುವ ಸ್ಟ್ರಿಪ್ ಇದೆಯಲ್ಲ, ಅದರ ಫೋಟೋ ಹಾಕಿ. ಕಂಪನಿ ಅಚ್ಚು ಹಾಕಿದ ಸ್ಟ್ರಿಪ್ ಮೇಲೆ ಮಾವನವರ ಸುದ್ದಿ ಏನೂ ಇರಲ್ಲ. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಬೆಲೆ ಎಲ್ಲ ಔಷಧಿಗೆ ಸೇರಿದ್ದು, ಮುಚ್ಚಬೇಕಾಗಿಲ್ಲ.

ಸ್ಟ್ರಿಪ್‌ನಲ್ಲಿ ಯಾವುದನ್ನು ಕತ್ತರಿಸಬಾರದು ಅನ್ನೋದೇ ಮುಖ್ಯ. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೋಡೋಪಾ–ಕಾರ್ಬಿಡೋಪಾ ಮಾತ್ರೆ ನೋಡಿ. ಒಂದರಲ್ಲಿ 100 ಮಿ.ಗ್ರಾಂ ಮತ್ತು 10 ಮಿ.ಗ್ರಾಂ, ಇನ್ನೊಂದರಲ್ಲಿ 100 ಮತ್ತು 25. ಮೊದಲ ಅಂಕಿ ಒಂದೇ, ಮಾತ್ರೆ ಬೇರೆ. ಸಾಲದ್ದಕ್ಕೆ ನಿಧಾನವಾಗಿ ಕರಗುವ ಸಿಆರ್ ಅನ್ನೋ ಬಗೆಯೂ ಇದೆ. ಕ್ರಾಪ್ ಮಾಡುವಾಗ ಎರಡನೇ ಅಂಕಿ ಹೋಯಿತು ಅಂದರೆ ಯಾರೋ ಪಾಪ ಒಳ್ಳೆಯ ಮನಸ್ಸಿನಿಂದಲೇ ಬೇರೆ ಮಾತ್ರೆ ತಂದುಕೊಟ್ಟಾರು. ಮಾತ್ರೆ ತೆಗೆಯುವಾಗ ಹಿಂದಿನ ಹಾಳೆ ಹರಿದು ಅಂಕಿ ಕಾಣದಂತಾಗಿದ್ದರೆ, ಚೀಟಿ ನೋಡಿ ಹೆಸರು, ಎರಡೂ ಅಂಕಿ ಟೈಪ್ ಮಾಡಿ ಹಾಕಿ.

ಗ್ರೂಪ್‌ನಲ್ಲಿ ನಿಮ್ಮ ನಂಬರ್‌ನಿಂದ ಹಾಕಿದರೆ ಯಾರ ಮನೆಯವರಿಗೆ ಅಂತ ಊಹಿಸೋದು ಕಷ್ಟವಲ್ಲ, ಮಾತ್ರೆಯ ಹೆಸರೇ ಕಾಯಿಲೆ ಹೇಳಿಬಿಡುತ್ತೆ. ಅದು ಮಾವನವರಿಗೆ ಇಷ್ಟವಿಲ್ಲದಿದ್ದರೆ ಗ್ರೂಪ್ ಬಿಟ್ಟು ಪರಿಚಯದ ಒಂದಿಬ್ಬರಿಗೆ ಮಾತ್ರ ಕಳಿಸಿ.

ಚೀಟಿಯನ್ನೇ ಹಾಕಬೇಕು ಅಂತಾದರೆ, ಅದನ್ನು ಮೇಲಿಂದ ಕೆಳಗೆ ಒಮ್ಮೆ ಓದಿ. ಹೆಸರು ಒಂದೇ ಕಡೆ ಇರಲ್ಲ. ಇಲ್ಲಿಯ ಕೇಸ್ ಪೇಪರ್‌ನಲ್ಲಿ ಇಂಗ್ಲಿಷಿನಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಇರಬಹುದು. ಪಕ್ಕದಲ್ಲೇ ಮೊಬೈಲ್, ವಿಳಾಸ, ಆಸ್ಪತ್ರೆಯ ರೋಗಿ ನಂಬರ್ ಇರುತ್ತೆ. ಆ ನಂಬರನ್ನು ಯಾರೂ ಮುಚ್ಚಲ್ಲ, ಸುಮ್ನೆ ಅಂಕಿ ಅಂದುಕೊಳ್ಳುತ್ತಾರೆ. ಆದರೆ ಆಸ್ಪತ್ರೆಯಲ್ಲಿ ನಿಮ್ಮ ಪೂರ್ತಿ ಫೈಲ್ ತೆಗೆಯೋದೇ ಅದರಿಂದ. ಡಾಕ್ಟರ್ ಸಹಿ, ಸೀಲು, ರಿಜಿಸ್ಟ್ರೇಷನ್ ನಂಬರ್ ಕೂಡ ಮುಚ್ಚಿ. ಅದನ್ನಿಟ್ಟುಕೊಂಡು ನಕಲಿ ಚೀಟಿ ಮಾಡೋರಿಗೆ ಕೆಲಸ ಸುಲಭ ಆಗೋದು ಬೇಡ.

ಜಾಸ್ತಿ ಜನ ಎಡವೋದು ಬಾರ್‌ಕೋಡ್‌ನಲ್ಲಿ. ಕೆಳಗಿನ ಅಂಕಿಗಳನ್ನು ಮುಚ್ಚಿ ಗೆರೆಗಳನ್ನು ಹಾಗೇ ಬಿಡುತ್ತಾರೆ, ಆದರೆ ಆ ಅಂಕಿ ಗೆರೆಗಳಲ್ಲೇ ಇದೆ. ಅರ್ಧ ಎತ್ತರ ಮುಚ್ಚಿದರೂ ಪ್ರಯೋಜನವಿಲ್ಲ, ಉಳಿದ ಸಣ್ಣ ಪಟ್ಟಿಯಿಂದಲೇ ಸ್ಕ್ಯಾನರ್ ಓದುತ್ತೆ. ಕ್ಯೂಆರ್ ಕೋಡ್ ಇನ್ನೂ ಗಟ್ಟಿ: ಮಾಡಿದ ರೀತಿಯ ಮೇಲೆ ಶೇಕಡಾ 7ರಿಂದ 30ರಷ್ಟು ಹಾಳಾದರೂ ಓದಬಹುದು. ಮಧ್ಯೆ ಒಂದು ಅಡ್ಡಗೆರೆ ಎಳೆದರೆ ಏನೂ ಆಗಲ್ಲ, ಪೂರ್ತಿ ಚೌಕವೇ ಹೋಗಬೇಕು. ಕೆಲವು ಲ್ಯಾಬ್ ರಿಪೋರ್ಟ್‌ಗಳ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಇಡೀ ರಿಪೋರ್ಟೇ ತೆರೆಯುತ್ತೆ. ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್ ಚೀಟಿಗೂ ಇದೇ ಮಾತು. ಸ್ಟ್ರಿಪ್ ಫೋಟೋದ ಹಿನ್ನೆಲೆಯಲ್ಲಿ ಆ ಕವರೋ ಮೆಡಿಕಲ್ ಬಿಲ್ಲೋ ಇಣುಕುತ್ತಿದೆಯಾ ನೋಡಿಕೊಳ್ಳಿ.

ಇನ್ನು ಮುಚ್ಚೋದು ಹೇಗೆ? ನನ್ನ ಪ್ರಕಾರ ಫೋಟೋ ತೆಗೆಯುವ ಮೊದಲೇ ದಪ್ಪ ಕಾಗದದ ತುಂಡು ಇಟ್ಟುಬಿಡೋದು ಉತ್ತಮ. ತೆಳು ಕಾಗದವಾದರೆ ಅಕ್ಷರ ಆಚೆ ಕಾಣುತ್ತೆ, ಮಡಚಿ ಇಡಿ. ಫೋನಿನಲ್ಲೇ ಮಾಡೋದಾದರೆ ಮೊದಲು ಬೇಡದ ಭಾಗ ಕ್ರಾಪ್ ಮಾಡಿ, ಉಳಿದದ್ದಕ್ಕೆ ಪೆನ್ನಿನಿಂದ ಗಟ್ಟಿ ಕಪ್ಪು ಬಳಿಯಿರಿ. ಹೈಲೈಟರ್ ಬೇಡ. ಅದು ಎಷ್ಟು ಸಲ ಬಳಿದರೂ ಅರೆಪಾರದರ್ಶಕ, ಫೋಟೋದ ಬೆಳಕು ಜಾಸ್ತಿ ಮಾಡಿದರೆ ಕೆಳಗಿನ ಅಕ್ಷರ ಎದ್ದು ಬರುತ್ತೆ. ನೀವೇ ಹಾಗೆ ಬೆಳಕು ಹೆಚ್ಚಿಸಿ, ಜೂಮ್ ಮಾಡಿ ಪರೀಕ್ಷಿಸಬಹುದು. ಬ್ಲರ್ ಕೂಡ ನಂಬಿಕೆಗೆ ಅರ್ಹ ಅಲ್ಲ, ಅದರಲ್ಲೂ ಅಂಕಿಗಳಿಗೆ.

ಮುಚ್ಚಿದ ಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನೇ ಕಳಿಸಿ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನಿನ ಎಡಿಟರ್‌ನಲ್ಲಿ ಕ್ರಾಪ್ ಮಾಡಿದ ಭಾಗ ಫೈಲಿನೊಳಗೇ ಉಳಿಯುತ್ತಿದ್ದ ದೋಷ ಬಯಲಾಗಿತ್ತು. ಅದು ಸರಿಯಾಗಿದೆ, ಆದರೂ ಸ್ಕ್ರೀನ್‌ಶಾಟ್‌ಗೆ ಖರ್ಚೇನಿಲ್ಲ ಅಲ್ವಾ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟು ಕಳಿಸಲೇಬೇಡಿ, ಅಡಿಯ ಅಕ್ಷರ ಸೆಲೆಕ್ಟ್ ಮಾಡಿ ಕಾಪಿ ಮಾಡಲು ಬರುತ್ತೆ.

ಮಾತ್ರೆ ಇರುವ ಅಂಗಡಿ ಸಿಕ್ಕ ಮೇಲೆ ಈ ಮುಚ್ಚಿದ ಫೋಟೋ ಅಲ್ಲಿ ನಡೆಯಲ್ಲ. ರೋಗಿಯ ಹೆಸರು, ತಾರೀಖು, ಡಾಕ್ಟರ್ ಸಹಿ ಇರುವ ಚೀಟಿ ಕೆಮಿಸ್ಟ್‌ಗೆ ಬೇಕು. ಅಸಲಿ ಚೀಟಿ ತೆಗೆದುಕೊಂಡೇ ಹೋಗಿ.