ವ್ಯೂಸ್ ಬಂದಿದ್ದು ಹೊಲದ ದೃಶ್ಯಕ್ಕಾ, ಹಬ್ಬಕ್ಕಾ?

ಬಾಗಲಕೋಟೆಯ ಒಂದು ಅಡುಗೆ ಚಾನೆಲ್‌ನವರು ನೇರವಾಗಿ ಕೇಳಿದರು: "ಸರ್, ನಮ್ಮ ಹಳೇ ವಿಡಿಯೊ ಎಲ್ಲಾ ನೋಡಿ ಹೇಳ್ರಿ. ಯಾವ ಥರ ಶೂಟ್ ಮಾಡಿದ್ರ ಜನ ಜಾಸ್ತಿ ನೋಡ್ತಾರ?" ಅವರು ಅಡುಗೆಮನೆಯಲ್ಲಿ ಒಲೆ ಮುಂದೆ ಕೂತು ಶೂಟ್ ಮಾಡುತ್ತಾರೆ, ಹೆಂಚಿನ ಮೇಲೆ ರೊಟ್ಟಿ ಬೇಯುವುದನ್ನು ತೀರಾ ಹತ್ತಿರದಿಂದ ತೆಗೆಯುತ್ತಾರೆ, ಕ್ಯಾಮೆರಾ ನೋಡುತ್ತ ಮಾತಾಡುತ್ತಾರೆ, ಆಗಾಗ ಹೊಲಕ್ಕೂ ಹೋಗುತ್ತಾರೆ. ಈ ಶೈಲಿಗಳನ್ನು ಕೈಯಿಂದ ಗುರುತು ಹಾಕುತ್ತ ಕೂತರೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಫ್ರೇಮ್‌ಗಳ ಎಂಬೆಡ್ಡಿಂಗ್ ತೆಗೆದು ಗುಂಪು ಮಾಡುವ ದಾರಿ ಹಿಡಿಯುತ್ತೇವೆ.

ಎಂಬೆಡ್ಡಿಂಗ್ ಅಂದರೆ ಒಂದು ಚಿತ್ರವನ್ನು ಸಂಖ್ಯೆಗಳ ಸಾಲಾಗಿ ಬದಲಿಸುವುದು. 2021ರಲ್ಲಿ ಬಂದ ಕ್ಲಿಪ್ ಅನ್ನುವ ಎಐ ಮಾಡೆಲ್‌ನ ViT-B/32 ರೂಪ ಪ್ರತಿ ಚಿತ್ರಕ್ಕೆ 512 ಸಂಖ್ಯೆ ಕೊಡುತ್ತದೆ. ಒಂದನ್ನೊಂದು ಹೋಲುವ ಚಿತ್ರಗಳ ಸಾಲುಗಳು ಹತ್ತಿರ ಹತ್ತಿರ ಇರುತ್ತವೆ. ಹನ್ನೆರಡು ನಿಮಿಷದ 200 ವಿಡಿಯೊಗಳಿಂದ ಹತ್ತು ಸೆಕೆಂಡಿಗೊಂದು ಫ್ರೇಮ್ ತೆಗೆದರೆ 14,400 ಚಿತ್ರಗಳಾಗುತ್ತವೆ. ಅವುಗಳ ಸಂಖ್ಯೆಗಳೆಲ್ಲ ಸೇರಿ ಸುಮಾರು 30 ಎಂಬಿ ಅಷ್ಟೇ. ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಫ್ರೇಮ್ ತೆಗೆಯುವಾಗಲೇ ಒಂದು ಎಚ್ಚರಿಕೆ ಬೇಕು. ಈ ಮಾಡೆಲ್ 224 ಪಿಕ್ಸೆಲ್‌ನ ಚೌಕ ಚಿತ್ರವನ್ನಷ್ಟೇ ನೋಡುತ್ತದೆ. ಅದರ ಜೊತೆ ಬರುವ ಮಾಮೂಲಿ ತಯಾರಿ ಹಂತ ಅಗಲದ ಫ್ರೇಮಿನ ನಡುಭಾಗ ಉಳಿಸಿಕೊಂಡು ಎಡಬಲ ಕತ್ತರಿಸಿ ಬಿಡುತ್ತದೆ. 16:9 ವಿಡಿಯೊದಲ್ಲಿ ಹಾಗೆ ಹೋಗುವುದು ಹೆಚ್ಚುಕಡಿಮೆ 44% ಚಿತ್ರ. ವಸ್ತು ಯಾವುದು ಅಂತ ಗುರುತಿಸಲು ನಡುಭಾಗ ಸಾಕಾಗಬಹುದು. ನಮಗೆ ಬೇಕಾಗಿರುವುದು ಶೈಲಿ. ಒಲೆ ಎಲ್ಲಿದೆ, ಸುತ್ತ ಎಷ್ಟು ಖಾಲಿ ಜಾಗ ಬಿಟ್ಟಿದ್ದಾರೆ ಅನ್ನೋದೇ ಇಲ್ಲಿ ಮುಖ್ಯ. ಹಾಗಾಗಿ ಕತ್ತರಿಸದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ ಚೌಕ ಮಾಡಿ:

```
ffmpeg -i rotti.mp4 -vf "fps=1/10,scale=224:224:force_original_aspect_ratio=decrease,pad=224:224:(ow-iw)/2:(oh-ih)/2" f_%04d.jpg
```

ಶುರುವಿನ ಇಂಟ್ರೊ, ಕೊನೆಯ "ಸಬ್‌ಸ್ಕ್ರೈಬ್ ಮಾಡಿ" ಪರದೆ ಇವನ್ನು ಮೊದಲೇ ತೆಗೆದುಹಾಕಿ. ಚಿತ್ರದ ಮೇಲಿನ ಅಕ್ಷರಗಳ ಕಡೆಗೆ ಕ್ಲಿಪ್ ಬೇಗ ವಾಲುತ್ತದೆ. ದೊಡ್ಡ ಬರಹ ಇರುವ ಫ್ರೇಮ್‌ಗಳೆಲ್ಲ ಅಡುಗೆ ಯಾವುದೇ ಇರಲಿ, ಒಂದೇ ಕಡೆ ಹೋಗಿ ಕೂರಬಹುದು.

ಇಷ್ಟು ಮಾಡಿ ಗುಂಪು ಮಾಡಿದರೆ ಏನು ಸಿಗುತ್ತದೆ? ಒಂದರಲ್ಲಿ ರೊಟ್ಟಿ, ಇನ್ನೊಂದರಲ್ಲಿ ಎಣ್ಣೆಗಾಯಿ, ಮತ್ತೊಂದರಲ್ಲಿ ಹೋಳಿಗೆ. ಇದು ಅಡುಗೆಗಳ ಪಟ್ಟಿ, ಶೈಲಿಯ ಪಟ್ಟಿ ಅಲ್ಲ. ಮಾಡೆಲ್ ಕಲಿತಿರುವುದು ಚಿತ್ರಗಳನ್ನು ಅವುಗಳ ವಿವರಣೆಯ ಜೊತೆ ಹೊಂದಿಸುವುದನ್ನು. ವಿವರಣೆ ಸಾಮಾನ್ಯವಾಗಿ ಚಿತ್ರದಲ್ಲಿ ಏನಿದೆ ಅಂತ ಹೇಳುತ್ತದೆ, ಹೇಗೆ ತೆಗೆದರು ಅಂತ ಹೇಳುವುದು ಕಡಿಮೆ. ಇದಕ್ಕೆ ನಾನು ಬಳಸುವ ಉಪಾಯ ಹೀಗಿದೆ: ಒಂದೊಂದು ಅಡುಗೆಯ ಎಲ್ಲ ಫ್ರೇಮ್‌ಗಳ ಸರಾಸರಿ ತೆಗೆದು, ಆ ಸರಾಸರಿಯನ್ನು ಪ್ರತಿ ಫ್ರೇಮ್‌ನಿಂದ ಕಳೆಯುವುದು. ರೊಟ್ಟಿತನ ಬಹುಪಾಲು ಕಳೆದುಹೋಗುತ್ತದೆ. ಹತ್ತಿರ–ದೂರ, ಬೆಳಕು, ಒಳಗೆ–ಹೊರಗೆ ಇಂಥವು ಉಳಿಯುತ್ತವೆ. ಕೆಳಗೆ `E` ಅಂದರೆ ಎಲ್ಲ ಫ್ರೇಮ್‌ಗಳ ಎಂಬೆಡ್ಡಿಂಗ್, `dish` ಅಂದರೆ ಪ್ರತಿ ಫ್ರೇಮ್‌ನ ಅಡುಗೆಯ ಹೆಸರು. ಗುಂಪು ಎಂಟು.

```python
import numpy as np
from sklearn.cluster import KMeans

E = E / np.linalg.norm(E, axis=1, keepdims=True)
R = E.copy()
for d in np.unique(dish):
    R[dish == d] -= E[dish == d].mean(axis=0)
label = KMeans(n_clusters=8, n_init=20, random_state=1).fit_predict(R)
```

ಎಂಟು ಅನ್ನೋದು ದೇವರು ಕೊಟ್ಟ ಸಂಖ್ಯೆ ಅಲ್ಲ. ಆರು, ಹತ್ತು, ಹನ್ನೆರಡೂ ಮಾಡಿ ನೋಡಬೇಕು. ಪ್ರತಿ ಗುಂಪಿನಲ್ಲೂ ಕೇಂದ್ರಕ್ಕೆ ಹತ್ತಿರದ ಒಂದಷ್ಟು ಫ್ರೇಮ್, ದೂರದ ಒಂದಷ್ಟು ಫ್ರೇಮ್ ಒಂದೇ ಹಾಳೆಯಲ್ಲಿ ಇಟ್ಟು ಶೂಟ್ ಮಾಡಿದವರಿಗೇ ತೋರಿಸುತ್ತೇನೆ. ಅವರು ತಡವರಿಸದೆ ಹೆಸರಿಟ್ಟರೆ ಆ ಗುಂಪು ನಿಜ. ದೂರದ ಫ್ರೇಮ್‌ಗಳು ಬೇರೆಯೇ ಜಾತಿಯವು ಅನ್ನಿಸಿದರೆ ಆ ಗುಂಪನ್ನು ನಂಬಬೇಡಿ.

ಈಗ ವೀಕ್ಷಕರ ಲೆಕ್ಕ. ಹೆಚ್ಚಿನವರು ಇಲ್ಲೇ ದಾರಿ ತಪ್ಪುತ್ತಾರೆ. ವಿಡಿಯೊದ ಒಟ್ಟು ವ್ಯೂಸನ್ನು ಅದರ ಪ್ರತಿ ಫ್ರೇಮ್‌ಗೂ ಅಂಟಿಸಿ, ಗುಂಪುವಾರು ಸರಾಸರಿ ತೆಗೆಯುತ್ತಾರೆ. ಈ ಚಾನೆಲ್‌ನಲ್ಲಿ ಹಾಗೆ ಮಾಡಿದಾಗ ಹೊಲದ ದೃಶ್ಯಗಳ ಗುಂಪು ಎಲ್ಲಕ್ಕಿಂತ ಮೇಲೆ ಬಂತು. ಮನೆಯವರಿಗೆ ಖುಷಿಯೋ ಖುಷಿ: "ಹಂಗಾದ್ರ ಇನ್ಮ್ಯಾಲೆ ಎಲ್ಲಾ ಹೊಲದಾಗ ಮಾಡೂಣ್ರಿ."

ಆದರೆ ಅವರು ಹೊಲಕ್ಕೆ ಹೋಗುವುದು ಯಾವಾಗ? ಬಹುಪಾಲು ಎಳ್ಳ ಅಮಾವಾಸ್ಯೆಗೆ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಬುತ್ತಿ ಬಿಚ್ಚುವ ದಿನ ಅದು. ಡಿಸೆಂಬರ್, ಜನವರಿಯ ಆ ದಿನಗಳಲ್ಲಿ ಜನ ಈ ಅಡುಗೆಗಳನ್ನೇ ಹುಡುಕುತ್ತಾರೆ. ವ್ಯೂಸ್ ತಂದಿದ್ದು ಹಬ್ಬ ಇರಬಹುದು, ಹೊಲ ಅದರ ಪಕ್ಕದಲ್ಲಿ ನಿಂತಿತ್ತು ಅಷ್ಟೇ. ಪರೀಕ್ಷಿಸುವ ದಾರಿ ಒಂದೇ: ಹಬ್ಬ ಇಲ್ಲದ ಕಾಲದಲ್ಲಿ ಹೊಲದಲ್ಲಿ ಮಾಡಿದ ವಿಡಿಯೊ, ಹಬ್ಬದ ಕಾಲದಲ್ಲಿ ಮನೆಯೊಳಗೆ ಮಾಡಿದ ವಿಡಿಯೊ ಹುಡುಕುವುದು. ಎರಡನೆಯವು ಸಿಕ್ಕವು, ಅವಕ್ಕೂ ವ್ಯೂಸ್ ಚೆನ್ನಾಗಿಯೇ ಇತ್ತು. ಮೊದಲನೆಯವು ಇರಲೇ ಇಲ್ಲ. ಹಳೇ ಸಂಗ್ರಹದಲ್ಲಿ ಇಲ್ಲದ ಜೋಡಿಯನ್ನು ಯಾವ ಗಣಿತವೂ ಹುಟ್ಟಿಸಲಾರದು. ಸರಾಸರಿ ಕಳೆಯುವ ಉಪಾಯವೂ ಇಲ್ಲಿ ಸೋಲುತ್ತದೆ. ಒಂದು ಅಡುಗೆಯನ್ನು ಯಾವಾಗಲೂ ಹೊಲದಲ್ಲೇ ತೆಗೆದಿದ್ದರೆ, ಅಡುಗೆಯ ಜೊತೆ ಹೊಲವೂ ಕಳೆದುಹೋಗುತ್ತದೆ.

ಇನ್ನೊಂದು ಮಾತು. ನೋಡುಗರು ವಿಡಿಯೊ ತೆರೆಯುವ ಮೊದಲು ಕಂಡಿದ್ದು ಥಂಬ್‌ನೇಲ್ ಮತ್ತು ಶೀರ್ಷಿಕೆ. ಏಳನೇ ನಿಮಿಷದ ಫ್ರೇಮ್ ಅವರನ್ನು ಕರೆತಂದಿಲ್ಲ ಅಲ್ವಾ? ಅದು ಅವರನ್ನು ಉಳಿಸಿರಬಹುದು, ಇಲ್ಲ ಓಡಿಸಿರಬಹುದು. ಹಾಗಾಗಿ ಕರೆತಂದಿದ್ದರ ಲೆಕ್ಕಕ್ಕೆ ಥಂಬ್‌ನೇಲ್‌ಗಳನ್ನೇ ಬೇರೆ ಗುಂಪು ಮಾಡಿ, ಕ್ಲಿಕ್ ದರದ ಜೊತೆ ಇಡಬೇಕು. ಒಳಗಿನ ಫ್ರೇಮ್‌ಗಳನ್ನು ರಿಟೆನ್ಷನ್, ಅಂದರೆ ನೋಡುಗರು ಎಲ್ಲಿಯವರೆಗೆ ಉಳಿದರು ಅನ್ನುವ ಲೆಕ್ಕದ ಜೊತೆ ಇಡಬೇಕು. ಯೂಟ್ಯೂಬ್ ಅನಲಿಟಿಕ್ಸ್ ಎಪಿಐ ಪ್ರತಿ ವಿಡಿಯೊವನ್ನು 100 ಭಾಗ ಮಾಡಿ, ಒಂದೊಂದು ಭಾಗವನ್ನೂ ಎಷ್ಟು ಪಾಲು ನೋಡಿದರು ಅನ್ನುವ `audienceWatchRatio` ಕೊಡುತ್ತದೆ. ಹನ್ನೆರಡು ನಿಮಿಷದ ವಿಡಿಯೊದಲ್ಲಿ ಒಂದು ಭಾಗ 7.2 ಸೆಕೆಂಡ್, ನಮ್ಮ ಹತ್ತು ಸೆಕೆಂಡಿನ ಫ್ರೇಮ್‌ಗೆ ಹೆಚ್ಚುಕಡಿಮೆ ಹೊಂದುತ್ತದೆ.

ಈ ಪಾಲನ್ನು ಗೆರೆಯಾಗಿ ಎಳೆದರೆ ಅದು ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತದೆ. ಅದಕ್ಕೇ ಇಳಿತವನ್ನು ಅದೇ ಜಾಗದ ಮಾಮೂಲಿ ಇಳಿತದ ಜೊತೆ ಹೋಲಿಸಬೇಕು. ಲೆಕ್ಕ ಸುಲಭ ಆಗಲಿ ಅಂತ ಹೀಗೆ ಅಂದುಕೊಳ್ಳಿ: ಈ ಚಾನೆಲ್‌ನ ವಿಡಿಯೊಗಳಲ್ಲಿ 40ನೇ ಭಾಗದಲ್ಲಿದ್ದ 100 ಜನರಲ್ಲಿ 50ನೇ ಭಾಗದ ಹೊತ್ತಿಗೆ ಸಾಮಾನ್ಯವಾಗಿ 6 ಜನ ಹೋಗುತ್ತಾರೆ. ಹೆಂಚಿನ ಹತ್ತಿರದ ದೃಶ್ಯ ಓಡುತ್ತಿದ್ದಾಗ 4 ಜನ ಹೋದರೆ ಅದಕ್ಕೆ 2ರ ಲಾಭ. ದೂರದಿಂದ ತೆಗೆದ ಹೊಲದ ದೃಶ್ಯ ಓಡುವಾಗ 9 ಜನ ಹೋದರೆ 3ರ ನಷ್ಟ.

ಜಾಗ ನೋಡದೆ ಲೆಕ್ಕ ಹಾಕಿದರೆ ಬಡಿಸಿದ ತಟ್ಟೆಯ ಗುಂಪು ಎಲ್ಲಕ್ಕಿಂತ ಕೆಳಗೆ ಬೀಳುತ್ತದೆ. ತಟ್ಟೆ ಬರುವುದು ಕೊನೆಯಲ್ಲಿ, ಅಡುಗೆ ಗೊತ್ತಾದ ಮೇಲೆ ಜನ ಎದ್ದು ಹೋಗುವ ಹೊತ್ತಿಗೆ. ತಟ್ಟೆಯ ತಪ್ಪೇನಿಲ್ಲ. ಕೊನೆಯಲ್ಲಿ ಬರುವ ಬೇರೆ ದೃಶ್ಯಗಳ ಜೊತೆ ಹೋಲಿಸಿದಾಗ ಅದು ಮಾಮೂಲಿಯಾಗಿಯೇ ಇತ್ತು.

ಫಲಿತಾಂಶ ಎಷ್ಟು ಆಚೀಚೆ ಆಗಬಹುದು ಅನ್ನುವ ಅನುಮಾನದ ಅಂಚು ಹಾಕುವಾಗಲೂ ಹುಷಾರು. ಫ್ರೇಮ್ 14,400 ಇದ್ದರೂ ವಿಡಿಯೊ ಇರುವುದು 200. ಒಂದೇ ವಿಡಿಯೊದ ಫ್ರೇಮ್‌ಗಳು ಒಂದೇ ದಿನ, ಒಂದೇ ಬೆಳಕು, ಒಂದೇ ನೋಡುಗರವು. ಇರುವ ಮಾಹಿತಿಯಿಂದಲೇ ಚೀಟಿ ಎತ್ತಿದ ಹಾಗೆ ಮತ್ತೆ ಮತ್ತೆ ಎತ್ತಿ ಲೆಕ್ಕ ಹಾಕುವ ಬೂಟ್‌ಸ್ಟ್ರ್ಯಾಪ್ ಮಾಡುವಾಗ ಫ್ರೇಮ್‌ಗಳನ್ನು ಬಿಡಿಬಿಡಿಯಾಗಿ ಎತ್ತಬೇಡಿ, ಇಡೀ ವಿಡಿಯೊಗಳನ್ನು ಎತ್ತಿ. ಸುಮ್ನೆ ಫ್ರೇಮ್ ಲೆಕ್ಕದಲ್ಲಿ ಖಚಿತ ಅನ್ನಿಸಿದ ಎಷ್ಟೋ ವ್ಯತ್ಯಾಸಗಳು ಆಗ ಕರಗಿಹೋಗುತ್ತವೆ.

ಈ ಚಾನೆಲ್‌ನಲ್ಲಿ ಕರಗದೆ ಉಳಿದಿದ್ದು ಒಂದೇ: ರೊಟ್ಟಿ ಬಡಿಯುವ ಕೈ, ಹೆಂಚಿನ ಮೇಲೆ ಉಬ್ಬುವ ರೊಟ್ಟಿ ಹತ್ತಿರದಿಂದ ಕಂಡಾಗ ಜನ ಕಡಿಮೆ ಹೋಗುತ್ತಾರೆ. ಅದೂ ಪೂರ್ತಿ ದೃಶ್ಯದ ಗುಣ ಅನ್ನಲಾರೆ, ಯಾಕಂದರೆ ಅಡುಗೆಯ ಮುಖ್ಯ ಹಂತ ನಡೆಯುವುದೂ ಆಗಲೇ. ಹೊಲದ ಪ್ರಶ್ನೆಗೆ ಹೊಸ ಶೂಟಿಂಗ್ ಬೇಕೇ ಬೇಕು. ಬೇಸಿಗೆ ಮುಗಿಯುವುದರೊಳಗೆ ಕೆಲವು ಮಾಮೂಲಿ ಅಡುಗೆಗಳನ್ನು ಹೊಲದಲ್ಲೂ ಮನೆಯಲ್ಲೂ ಮಾಡಿ, ಯಾವುದು ಎಲ್ಲಿ ಅಂತ ಚೀಟಿ ಎತ್ತಿ ಆರಿಸಿ ಅಂತ ಹೇಳಿದ್ದೇನೆ. ಥಂಬ್‌ನೇಲ್‌ಗೆ ಯೂಟ್ಯೂಬ್ ಸ್ಟುಡಿಯೊದಲ್ಲೇ ಮೂರರವರೆಗೆ ಹಾಕಿ ಹೋಲಿಸುವ ಸೌಲಭ್ಯ ಇದೆ. ಅಲ್ಲಿ ಗೆಲುವು ನಿರ್ಧಾರ ಆಗುವುದು ನೋಡಿದ ಸಮಯದ ಪಾಲಿನ ಮೇಲೆ, ಕ್ಲಿಕ್ ಎಣಿಕೆಯ ಮೇಲೆ ಅಲ್ಲ. ಅದನ್ನು ಮರೆತು ಫಲಿತಾಂಶ ಓದಿದರೆ ಕ್ಲಿಕ್ ದರದ ಗುಂಪುಗಳ ಜೊತೆ ತಾಳೆ ಆಗಲಿಲ್ಲ ಅಂತ ಗಾಬರಿ ಆಗುತ್ತದೆ.